ವೈ-ಫೈ ಸಿಕ್ಕಿದೆ, ಲಾಗಿನ್ ಪುಟ ಮಾತ್ರ ಬರ್ತಿಲ್ಲ: ವಿಪಿಎನ್, ಪ್ರೈವೇಟ್ ಡಿಎನ್‌ಎಸ್ ಇದ್ದಾಗ ತಡೆ ಎಲ್ಲಿದೆ ಅಂತ ಹುಡುಕುವುದು

ಪಬ್ಲಿಕ್ ವೈ-ಫೈಗೆ ಸೇರಿದ್ದೀರಿ. ಸಿಗ್ನಲ್ ಚೆನ್ನಾಗಿದೆ, ಐಪಿ ವಿಳಾಸವೂ ಸಿಕ್ಕಿದೆ. ಪಕ್ಕದಲ್ಲಿ ಕೂತವರ ಫೋನಿನಲ್ಲಿ ಮೊಬೈಲ್ ನಂಬರ್ ಕೇಳುವ ಪುಟ ತಾನಾಗಿಯೇ ಬಂತು. ನಿಮ್ಮದರಲ್ಲಿ ಬರಲೇ ಇಲ್ಲ. ಬ್ರೌಸರ್ ತೆರೆದರೆ ಸುತ್ತುತ್ತಲೇ ಇರುತ್ತದೆ. ವೈ-ಫೈ ಆಫ್ ಮಾಡಿ ಆನ್ ಮಾಡಿದಿರಿ, ನೆಟ್‌ವರ್ಕ್ ಮರೆತು ಮತ್ತೆ ಸೇರಿದಿರಿ, ಫೋನನ್ನೇ ರೀಸ್ಟಾರ್ಟ್ ಮಾಡಿದಿರಿ. ಏನೂ ಬದಲಾಗಲಿಲ್ಲ.

ಮನೆಯಲ್ಲಿ ಆನ್ ಮಾಡಿಟ್ಟ ವಿಪಿಎನ್ ಅಥವಾ ಪ್ರೈವೇಟ್ ಡಿಎನ್‌ಎಸ್ ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. "ಎರಡನ್ನೂ ಆಫ್ ಮಾಡಿ" ಎಂಬ ಸಲಹೆ ಹತ್ತರಲ್ಲಿ ಎಂಟು ಸಲ ಕೆಲಸ ಮಾಡುತ್ತದೆ, ಸರಿ. ಕೆಲಸ ಮಾಡದ ಆ ಎರಡು ಸಲ ಏನು ನಡೆಯುತ್ತಿದೆ ಅಂತ ಗೊತ್ತಾಗಬೇಕಾದರೆ, ಆ ಪುಟ ಬರುವುದಾದರೂ ಹೇಗೆ ಅನ್ನುವುದು ಗೊತ್ತಿರಬೇಕು.

## ಆ ಪುಟ ತಾನಾಗಿ ಬರುವುದಿಲ್ಲ

ವೈ-ಫೈ ಸೇರಿದ ತಕ್ಷಣ ಫೋನು ಒಂದು ಸಣ್ಣ ಪರೀಕ್ಷೆ ಮಾಡುತ್ತದೆ. ಆಂಡ್ರಾಯ್ಡ್ ಆದರೆ ಈ ವಿಳಾಸವನ್ನು ಕೇಳುತ್ತದೆ:

```
http://connectivitycheck.gstatic.com/generate_204
```

ಇಂಟರ್‌ನೆಟ್ ಸರಿಯಾಗಿದ್ದರೆ ಬರುವ ಉತ್ತರ 204. ಅಂದರೆ "ತಲುಪಿದ್ದೇನೆ, ಕೊಡುವುದಕ್ಕೆ ಏನೂ ಇಲ್ಲ" ಎಂಬ ಖಾಲಿ ಉತ್ತರ. ಆಪಲ್ ಸಾಧನಗಳು `captive.apple.com` ಕೇಳಿ `Success` ಅನ್ನುವ ಪದ ಬಂತಾ ನೋಡುತ್ತವೆ. ವಿಂಡೋಸ್ `www.msftconnecttest.com/connecttest.txt` ತರಿಸಿ `Microsoft Connect Test` ಎಂಬ ಸಾಲು ಇದೆಯಾ ಅಂತ ನೋಡುತ್ತದೆ. ಎಲ್ಲದರಲ್ಲೂ ಉಪಾಯ ಒಂದೇ. ಮೊದಲೇ ಗೊತ್ತಿರುವ ಉತ್ತರ ಬರುವ ಪ್ರಶ್ನೆ ಕೇಳು. ಬೇರೆ ಉತ್ತರ ಬಂದರೆ ಮಧ್ಯದಲ್ಲಿ ಯಾರೋ ತಡೆದಿದ್ದಾರೆ ಅಂತ ಅರ್ಥ.

ಗಮನಿಸಿ, ಈ ಪರೀಕ್ಷೆ ಬೇಕಂತಲೇ ಹಳೆಯ ಎಚ್‌ಟಿಟಿಪಿಯಲ್ಲಿ ನಡೆಯುತ್ತದೆ. ಲಾಗಿನ್ ಆಗದವರ ವಿಷಯದಲ್ಲಿ ಪಬ್ಲಿಕ್ ನೆಟ್‌ವರ್ಕಿನ ಗೇಟ್‌ವೇ ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತದೆ. ಈ ಹೆಸರಿನ ತಾಣದ ಐಪಿ ವಿಳಾಸ ಯಾವುದು ಅಂತ ಕೇಳುವ, 53ನೇ ಪೋರ್ಟಿನ ಮಾಮೂಲಿ ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. 80ನೇ ಪೋರ್ಟಿನ ಎಚ್‌ಟಿಟಿಪಿ ಕೋರಿಕೆ ಬಂದರೆ ಅದನ್ನು ಹಿಡಿದು "ಇಲ್ಲಲ್ಲ, ಈ ಪುಟಕ್ಕೆ ಹೋಗು" ಅಂತ 302 ಉತ್ತರ ಕೊಟ್ಟು ತನ್ನ ಲಾಗಿನ್ ಪುಟದ ಕಡೆ ತಿರುಗಿಸುತ್ತದೆ. ಉಳಿದದ್ದನ್ನೆಲ್ಲ ಬಿಸಾಕುತ್ತದೆ. ಎಚ್‌ಟಿಟಿಪಿಎಸ್ ಅನ್ನು ಹೀಗೆ ತಿರುಗಿಸಲು ಆಗುವುದಿಲ್ಲ. ಸರ್ಟಿಫಿಕೇಟ್ ಹೊಂದದೆ ಬ್ರೌಸರ್ ಕೂಗಿಕೊಳ್ಳುತ್ತದೆ. ಹಾಗೆ ಕೂಗಿಕೊಂಡಾಗ "ಪರವಾಗಿಲ್ಲ, ಮುಂದುವರಿ" ಒತ್ತುವ ಅಭ್ಯಾಸ ಬೇಡ.

ಒಟ್ಟಿನಲ್ಲಿ ಲಾಗಿನ್ ಪುಟ ಬರಬೇಕಾದರೆ ನಿಮ್ಮ ಸಾಧನ ಎರಡು ಕೆಲಸ ಮಾಡಲೇಬೇಕು. ಹೆಸರಿನ ಪ್ರಶ್ನೆಯನ್ನು ಆ ನೆಟ್‌ವರ್ಕಿನ ಡಿಎನ್‌ಎಸ್‌ಗೆ ಬಯಲಾಗಿಯೇ ಕೇಳಬೇಕು. ಆಮೇಲೆ ಒಂದು ಎಚ್‌ಟಿಟಿಪಿ ಕೋರಿಕೆಯನ್ನು ಗೇಟ್‌ವೇ ಕಣ್ಣಿಗೆ ಬೀಳುವ ಹಾಗೆ ಕಳಿಸಬೇಕು. ಪ್ರೈವೇಟ್ ಡಿಎನ್‌ಎಸ್ ಮೊದಲನೆಯದನ್ನು ನಿಲ್ಲಿಸುತ್ತದೆ. ವಿಪಿಎನ್ ಎರಡನ್ನೂ ನಿಲ್ಲಿಸುತ್ತದೆ. ಇವು ಕೆಟ್ಟುಹೋಗಿ ಹೀಗಾಗುವುದಲ್ಲ. ದಾರಿಯಲ್ಲಿ ಯಾರೂ ಇಣುಕಬಾರದು, ಏನನ್ನೂ ತಿರುಗಿಸಬಾರದು ಅನ್ನುವುದೇ ಅವುಗಳ ಕೆಲಸ, ಅಲ್ವಾ? ಲಾಗಿನ್ ಪುಟ ನಿಂತಿರುವುದೇ ಆ ಇಣುಕುವುದರ ಮೇಲೆ.

ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಲಾಗಿನ್ ಆಗದೆ ವಿಪಿಎನ್ ತನ್ನ ಸರ್ವರ್ ತಲುಪುವುದಿಲ್ಲ. ವಿಪಿಎನ್ ಸರ್ವರ್ ತಲುಪದೆ ಏನನ್ನೂ ಹೊರಗೆ ಬಿಡುವುದಿಲ್ಲ, ಲಾಗಿನ್ ಪುಟದ ಕೋರಿಕೆಯನ್ನೂ.

## "ಕನೆಕ್ಟ್ ಆಗಿದೆ" ಅಂತ ಸುಳ್ಳು ಹೇಳಿದ ಟನಲ್

ನನಗೇ ಆದ ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಲಿನಕ್ಸ್ ಲ್ಯಾಪ್‌ಟಾಪ್, ಅದರಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್. ಬೂಟ್ ಆಗುವಾಗಲೇ ಟನಲ್, ಅಂದರೆ ವಿಪಿಎನ್ ಸರ್ವರಿಗೆ ಹೋಗುವ ಗುಪ್ತದಾರಿ, ಏಳುವ ಹಾಗೆ ಮಾಡಿಟ್ಟಿದ್ದೆ. ಒಂದು ವಸತಿಗೃಹದ ವೈ-ಫೈಗೆ ಸೇರಿದೆ. ಐಪಿ ವಿಳಾಸ `10.20.3.57`, ಗೇಟ್‌ವೇ `10.20.0.1`. ಇಲ್ಲಿ ಮೊದಲು ನೋಡಬೇಕಾದದ್ದು ಇದೇ. ವಿಳಾಸ `169.254` ಅಂತ ಶುರುವಾದರೆ ನೆಟ್‌ವರ್ಕ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ. ಅದು ಬೇರೆ ರೋಗ, ಅದಕ್ಕೆ ಈ ಔಷಧಿ ಹಿಡಿಯುವುದಿಲ್ಲ.

ಗೇಟ್‌ವೇಗೆ ಪಿಂಗ್ ಮಾಡಿದೆ, ಉತ್ತರ ಬಂತು. ಹಾಗಾಗಿ ರೇಡಿಯೋ, ಕೇಬಲ್, ರೂಟರ್ ಇವುಗಳ ಮೇಲಿನ ಅನುಮಾನ ಹೋಯಿತು. ಆದರೆ ಹೊರಗಿನ ಯಾವ ಹೆಸರೂ ಸಿಗುತ್ತಿಲ್ಲ:

```
$ curl -i http://neverssl.com
curl: (6) Could not resolve host: neverssl.com
```

ಟಾಸ್ಕ್‌ಬಾರಿನಲ್ಲಿ ವಿಪಿಎನ್ ಚಿಹ್ನೆ ಹಸಿರಾಗಿತ್ತು. ಬಹಳ ಜನ ಮೋಸ ಹೋಗುವುದು ಇಲ್ಲೇ. "ವಿಪಿಎನ್ ಕನೆಕ್ಟ್ ಆಗಿದೆ, ಅಂದರೆ ಇಂಟರ್‌ನೆಟ್ ಇದೆ, ಹಾಗಾದರೆ ಸಮಸ್ಯೆ ಬೇರೆಲ್ಲೋ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ವೈರ್‌ಗಾರ್ಡ್ ವಿಷಯದಲ್ಲಿ ಈ ಲೆಕ್ಕ ತಪ್ಪು. ಅದರಲ್ಲಿ "ಕನೆಕ್ಟ್" ಅನ್ನುವ ಸ್ಥಿತಿಯೇ ಇಲ್ಲ. ಇಂಟರ್‌ಫೇಸ್ ಎದ್ದಿತು, ಟ್ರಾಫಿಕ್ ಎಲ್ಲ ಅದರ ಕಡೆ ತಿರುಗಿತು, ಅಷ್ಟೇ. ಆ ತುದಿಯಲ್ಲಿ ಯಾರಾದರೂ ಇದ್ದಾರಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲಿದೆ:

```
$ sudo wg show
peer: ...
  endpoint: 203.0.113.5:51820
  allowed ips: 0.0.0.0/0, ::/0
  transfer: 0 B received, 2.17 KiB sent
```

(ಸರ್ವರಿನ ವಿಳಾಸವನ್ನು ಇಲ್ಲಿ ಬದಲಿಸಿ ಬರೆದಿದ್ದೇನೆ.) ಕೊನೆಯ ಸಾಲು ನೋಡಿ. ಬಂದದ್ದು ಸೊನ್ನೆ, ಹೋದದ್ದು 2.17 ಕಿಲೋಬೈಟ್. `latest handshake` ಎಂಬ ಸಾಲು ಇಲ್ಲವೇ ಇಲ್ಲ. ವೈರ್‌ಗಾರ್ಡಿನ ಮೊದಲ ಹ್ಯಾಂಡ್‌ಶೇಕ್ ಪ್ಯಾಕೆಟ್ 148 ಬೈಟ್ ಇರುತ್ತದೆ. ಉತ್ತರ ಬಾರದಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಮತ್ತೆ ಕಳಿಸುತ್ತದೆ. 148 ಅನ್ನು 15ರಿಂದ ಗುಣಿಸಿದರೆ 2220 ಬೈಟ್, ಅಂದರೆ ಸರಿಯಾಗಿ 2.17 ಕಿಲೋಬೈಟ್. ಒಂದೂಕಾಲು ನಿಮಿಷದಿಂದ ಪಾಪ 15 ಸಲ ಬಾಗಿಲು ತಟ್ಟಿದೆ, ಯಾರೂ ತೆಗೆದಿಲ್ಲ. ಗೇಟ್‌ವೇ ಆ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಕುತ್ತಿದೆ.

ಲ್ಯಾಪ್‌ಟಾಪನ್ನು ಮನೆಯಲ್ಲಿ ಸ್ಲೀಪ್‌ಗೆ ಹಾಕಿ ಇಲ್ಲಿ ಎಬ್ಬಿಸಿದ್ದರೆ ಬಂದದ್ದು ಸೊನ್ನೆ ಅಂತ ತೋರಿಸುವುದಿಲ್ಲ, ಮನೆಯ ಹಳೇ ಲೆಕ್ಕ ಇರುತ್ತದೆ. ಆಗ `latest handshake` ಎಷ್ಟು ಹಳೆಯದು ನೋಡಿ. ಟ್ರಾಫಿಕ್ ಓಡುತ್ತಿರುವ ಟನಲ್ ಹೆಚ್ಚುಕಡಿಮೆ 2 ನಿಮಿಷಕ್ಕೊಮ್ಮೆ ಹೊಸ ಹ್ಯಾಂಡ್‌ಶೇಕ್ ಮಾಡಿಕೊಳ್ಳುತ್ತದೆ. ನೀವು ಬ್ರೌಸ್ ಮಾಡಲು ಒದ್ದಾಡುತ್ತಿರುವಾಗ ಅದು 3 ನಿಮಿಷಕ್ಕಿಂತ ಹಳೆಯದಾಗಿದ್ದರೆ ಟನಲ್ ಸತ್ತಿದೆ.

ಹಾಗಾದರೆ ಗೇಟ್‌ವೇಗೆ ಪಿಂಗ್ ಹೇಗೆ ಹೋಯಿತು? ಲಿನಕ್ಸಿನ `wg-quick` ಪಕ್ಕದ ನೆಟ್‌ವರ್ಕಿನ ದಾರಿಯನ್ನು ಹಾಗೇ ಬಿಡುತ್ತದೆ. ದೂರದ್ದನ್ನು ಮಾತ್ರ ಟನಲ್‌ಗೆ ತಳ್ಳುತ್ತದೆ. ಅದಕ್ಕೇ ಕೆಲವು ಕಡೆ ವಿಪಿಎನ್ ಆನ್ ಇದ್ದಾಗಲೂ ಗೇಟ್‌ವೇ ಐಪಿಯನ್ನು ಬ್ರೌಸರಿನಲ್ಲಿ ನೇರವಾಗಿ ಹೊಡೆದರೆ ಲಾಗಿನ್ ಪುಟ ಬಂದುಬಿಡುತ್ತದೆ. ನಾನೂ ಪ್ರಯತ್ನಿಸಿದೆ. ಕನೆಕ್ಷನ್ ನಿರಾಕರಿಸಿತು. ಪುಟ ಬೇರೆ ಪೋರ್ಟಿನಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು.

ಟನಲ್ ಇಳಿಸಿದೆ, ಅದೇ ಕೋರಿಕೆಯನ್ನು ಮತ್ತೆ ಕಳಿಸಿದೆ:

```
$ sudo wg-quick down wg0
$ curl -i http://neverssl.com
HTTP/1.1 302 Found
Location: http://10.20.0.1:8002/index.php
```

ಸಿಕ್ಕಿತು. `Location` ಸಾಲಿನಲ್ಲಿರುವುದೇ ಲಾಗಿನ್ ಪುಟದ ವಿಳಾಸ. ಅದನ್ನು ನಕಲು ಮಾಡಿ ಬ್ರೌಸರಿಗೆ ಅಂಟಿಸಿದೆ, ರೂಮ್ ನಂಬರ್ ಕೊಟ್ಟೆ, ಒಳಗೆ ಬಿಟ್ಟಿತು. `wg-quick up wg0` ಕೊಟ್ಟು ನೋಡಿದರೆ 3 ಸೆಕೆಂಡ್ ಹಿಂದಿನ ಹ್ಯಾಂಡ್‌ಶೇಕ್ ತೋರಿಸುತ್ತಿತ್ತು.

ಬ್ರೌಸರ್ ಬಿಟ್ಟು `curl` ಯಾಕೆ ಅಂತ ಕೇಳಬಹುದು. ಇವತ್ತಿನ ಬ್ರೌಸರ್‌ಗಳು ನೀವು `http://` ಅಂತ ಬರೆದರೂ ಮೊದಲು ಎಚ್‌ಟಿಟಿಪಿಎಸ್ ಪ್ರಯತ್ನ ಮಾಡುತ್ತವೆ, ಹಳೆಯ ಪುಟವನ್ನು ತಮ್ಮ ಸಂಗ್ರಹದಿಂದಲೇ ತೋರಿಸುತ್ತವೆ, ಬೇರೆ ಬೇರೆ ಚಾಲಾಕಿ ಮಾಡುತ್ತವೆ. `curl` ಹೇಳಿದ್ದನ್ನು ಮಾಡುತ್ತದೆ, ಬಂದ ಉತ್ತರವನ್ನು ಹಾಗೇ ತೋರಿಸುತ್ತದೆ. ತಪ್ಪು ಎಲ್ಲಿದೆ ಅಂತ ಹುಡುಕುವಾಗ ಬೇಕಾದದ್ದು ಅದೇ.

### ಆಫ್ ಮಾಡಿದರೂ ಬಿಡದ ವಿಪಿಎನ್

ವಿಪಿಎನ್ ಆಪ್‌ನಲ್ಲಿ ಡಿಸ್‌ಕನೆಕ್ಟ್ ಒತ್ತಿದ್ದೀರಿ, ಆದರೂ ಪುಟ ಬರುತ್ತಿಲ್ಲ. ಹಾಗಿದ್ದರೆ ಕಿಲ್ ಸ್ವಿಚ್ ಇರಬಹುದು. ಟನಲ್ ಇಲ್ಲದಾಗ ಒಂದು ಪ್ಯಾಕೆಟ್ಟೂ ಹೊರಗೆ ಹೋಗಬಾರದು ಅನ್ನುವ ವ್ಯವಸ್ಥೆ ಅದು. ಟನಲ್ ಆಫ್ ಆದಾಗಲೇ ಅದು ಕೆಲಸಕ್ಕೆ ಇಳಿಯುವುದು, ಹಾಗಾಗಿ ಆಪ್‌ನಲ್ಲಿ ಡಿಸ್‌ಕನೆಕ್ಟ್ ಒತ್ತಿದರೆ ಇನ್ನೂ ಬಿಗಿಯಾಗುತ್ತದೆಯೇ ಹೊರತು ಸಡಿಲ ಆಗುವುದಿಲ್ಲ.

ಆಂಡ್ರಾಯ್ಡಿನಲ್ಲಿ ಇದು ಆಪ್ ಒಳಗೆ ಮಾತ್ರ ಅಲ್ಲ, ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೂ ಇರುತ್ತದೆ. ವಿಪಿಎನ್ ಪಟ್ಟಿಯಲ್ಲಿ ನಿಮ್ಮ ವಿಪಿಎನ್ ಪಕ್ಕದ ಗೇರ್ ಚಿಹ್ನೆ ಒತ್ತಿದರೆ `Always-on VPN` ಮತ್ತು ಅದರ ಕೆಳಗೆ `Block connections without VPN` ಕಾಣುತ್ತವೆ. ಎರಡನೆಯದು ಆನ್ ಇದ್ದರೆ ಆಪ್ ಮುಚ್ಚಿದರೂ ತಡೆ ಹಾಗೇ ಇರುತ್ತದೆ.

ಇದನ್ನು ಪತ್ತೆ ಮಾಡಲು ಸುಲಭದ ದಾರಿ ಇದೆ. ವೈ-ಫೈ ಆಫ್ ಮಾಡಿ, ವಿಪಿಎನ್ ಡಿಸ್‌ಕನೆಕ್ಟ್ ಮಾಡಿ, ಮೊಬೈಲ್ ಡೇಟಾದಲ್ಲಿ ಯಾವುದಾದರೂ ಪುಟ ತೆರೆಯಿರಿ. ಅದೂ ಬರದಿದ್ದರೆ ಪಬ್ಲಿಕ್ ವೈ-ಫೈಯನ್ನು ಬೈದು ಪ್ರಯೋಜನವಿಲ್ಲ. ತಡೆ ನಿಮ್ಮ ಫೋನಿನಲ್ಲೇ ಇದೆ.

ಕಚೇರಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಈ ಸ್ವಿಚ್ಚನ್ನು ಮುಟ್ಟಲು ನಿಮಗೆ ಅನುಮತಿಯೇ ಇಲ್ಲದಿರಬಹುದು. ಕೆಲವು ಕಚೇರಿ ವಿಪಿಎನ್‌ಗಳಲ್ಲಿ ಲಾಗಿನ್ ಪುಟಕ್ಕೆಂದೇ ಕೆಲವು ನಿಮಿಷ ದಾರಿ ಬಿಡುವ ಸೆಟ್ಟಿಂಗ್ ಇರುತ್ತದೆ, ಆದರೆ ಅದನ್ನು ಆನ್ ಮಾಡಬೇಕಾದವರು ಐಟಿ ವಿಭಾಗದವರು. ಅವರು ಮಾಡಿಲ್ಲ ಅಂದರೆ ಫೋನಿನ ಹಾಟ್‌ಸ್ಪಾಟ್ ಬಳಸಿ, ವಾದ ಬೇಡ. ಫೋನಿನಿಂದ ಲಾಗಿನ್ ಆಗಿ ಲ್ಯಾಪ್‌ಟಾಪಿಗೆ ದಾರಿ ಮಾಡಿಕೊಡ್ತೀನಿ ಅಂದುಕೊಂಡರೆ ಅದು ಆಗುವುದಿಲ್ಲ. ಸಾಮಾನ್ಯವಾಗಿ ಗೇಟ್‌ವೇ ನೆನಪಿಟ್ಟುಕೊಳ್ಳುವುದು ಸಾಧನದ ಮ್ಯಾಕ್ ವಿಳಾಸವನ್ನು. ಫೋನಿನದು ಬೇರೆ, ಲ್ಯಾಪ್‌ಟಾಪಿನದು ಬೇರೆ.

## ಪ್ರೈವೇಟ್ ಡಿಎನ್‌ಎಸ್: ಸೂಚನೆಯೇ ಬಾರದ ಪ್ರಸಂಗ

ಇದು ಸ್ವಲ್ಪ ಸೂಕ್ಷ್ಮ. ಆಂಡ್ರಾಯ್ಡಿಗೆ ಪ್ರೈವೇಟ್ ಡಿಎನ್‌ಎಸ್ ಬಂದದ್ದು 2018ರ ಆಂಡ್ರಾಯ್ಡ್ 9ರಲ್ಲಿ. ಹೆಸರಿನ ಪ್ರಶ್ನೆಗಳನ್ನು 53ನೇ ಪೋರ್ಟಿನಲ್ಲಿ ಬಯಲಾಗಿ ಕಳಿಸುವ ಬದಲು 853ನೇ ಪೋರ್ಟಿನಲ್ಲಿ ಟಿಎಲ್‌ಎಸ್ ಒಳಗೆ ಸುತ್ತಿ ಕಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ಮೂರು ಆಯ್ಕೆ ಇವೆ: ಆಫ್, ಆಟೊಮ್ಯಾಟಿಕ್, ಮತ್ತು ನೀವೇ ಒಂದು ಸರ್ವರಿನ ಹೆಸರು ಕೊಡುವುದು, ಉದಾಹರಣೆಗೆ `dns.google`.

ಆಟೊಮ್ಯಾಟಿಕ್ ಇದ್ದರೆ ಚಿಂತೆ ಇಲ್ಲ. ನೆಟ್‌ವರ್ಕ್ ಕೊಟ್ಟ ಡಿಎನ್‌ಎಸ್ ಸರ್ವರಿಗೆ 853 ಬರುತ್ತದಾ ಅಂತ ಕೇಳಿ ನೋಡುತ್ತದೆ. ಬಾರದಿದ್ದರೆ ಸುಮ್ನೆ 53ಕ್ಕೆ ಇಳಿಯುತ್ತದೆ. ಹೀಗಿದ್ದೂ ಲಾಗಿನ್ ಪುಟ ಬಾರದಿದ್ದರೆ ಅನುಮಾನವನ್ನು ಬೇರೆ ಕಡೆಗೆ ತಿರುಗಿಸಿ.

ಸರ್ವರಿನ ಹೆಸರು ಬರೆದಿಟ್ಟಿದ್ದರೆ ಮಾತ್ರ ಫೋನು ಹಟ ಹಿಡಿಯುತ್ತದೆ. ಆ ಸರ್ವರೇ ಬೇಕು, ಅದರ ಸರ್ಟಿಫಿಕೇಟೇ ಬೇಕು, ಇಲ್ಲವಾದರೆ ಆಪ್‌ಗಳಿಗೆ ಒಂದು ಹೆಸರನ್ನೂ ಹುಡುಕಿಕೊಡುವುದಿಲ್ಲ. ಲಾಗಿನ್ ಆಗದ ನೆಟ್‌ವರ್ಕಿನಲ್ಲಿ 853 ಮುಚ್ಚಿರುತ್ತದೆ. ಕೆಲವು ಗೇಟ್‌ವೇಗಳು ಇನ್ನೂ ಮುಂದೆ ಹೋಗಿ, ಯಾವ ಹೆಸರು ಕೇಳಿದರೂ ತಮ್ಮ ವಿಳಾಸವನ್ನೇ ಕೊಡುತ್ತವೆ. `dns.google` ಎಲ್ಲಿದೆ ಅಂದರೆ `10.20.0.1` ಅನ್ನುತ್ತವೆ. ಅಲ್ಲಿ ಗೂಗಲ್‌ನ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು?

ಈಗ ನಿಜವಾದ ಪ್ರಶ್ನೆಗೆ ಬರೋಣ. ಆಂಡ್ರಾಯ್ಡ್ ಮಾಡಿದವರಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. 204 ಪರೀಕ್ಷೆಯೂ, ಸೈನ್ ಇನ್ ಸೂಚನೆ ಒತ್ತಿದರೆ ತೆರೆಯುವ ಚಿಕ್ಕ ಕಿಟಕಿಯೂ ಪ್ರೈವೇಟ್ ಡಿಎನ್‌ಎಸ್ ಅನ್ನು ಬದಿಗಿಟ್ಟು ನೆಟ್‌ವರ್ಕಿನ ಮಾಮೂಲಿ ಡಿಎನ್‌ಎಸ್ ಅನ್ನೇ ಬಳಸುತ್ತವೆ. ಅಂದರೆ ಎಲ್ಲ ನೇರವಾಗಿದ್ದರೆ ಹೆಸರು ಬರೆದಿಟ್ಟಿದ್ದರೂ ಲಾಗಿನ್ ಪುಟ ಬರಬೇಕು. ಬಹಳ ಸಲ ಬರುತ್ತದೆ ಕೂಡ. ಎಡವುವುದು ಎರಡು ಕಡೆ.

ಮೊದಲನೆಯದು ನಮ್ಮದೇ ಅಭ್ಯಾಸ. ಸೈನ್ ಇನ್ ಸೂಚನೆ ಬಂದಿರುತ್ತದೆ, ನಾವು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೇರವಾಗಿ ಬ್ರೌಸರ್ ತೆರೆಯುತ್ತೇವೆ. ಆ ರಿಯಾಯಿತಿ ಚಿಕ್ಕ ಕಿಟಕಿಗೆ ಮಾತ್ರ, ಬ್ರೌಸರಿಗೆ ಇಲ್ಲ. ಬ್ರೌಸರ್ ಪ್ರೈವೇಟ್ ಡಿಎನ್‌ಎಸ್‌ಗಾಗಿ ಕಾದು ಕಾದು ಕೈಚೆಲ್ಲುತ್ತದೆ. ಇದಕ್ಕೆ ಪರಿಹಾರ ಸುಲಭ. ವೈ-ಫೈ ಸೆಟ್ಟಿಂಗ್ಸ್‌ಗೆ ಹೋಗಿ ಆ ನೆಟ್‌ವರ್ಕಿನ ಹೆಸರು ಒತ್ತಿ. ಅಲ್ಲಿ ಸೈನ್ ಇನ್ ಬಟನ್ ಇನ್ನೂ ಇರುತ್ತದೆ. ಏನನ್ನೂ ಆಫ್ ಮಾಡದೆ ಕೆಲಸ ಮುಗಿಯುತ್ತದೆ.

ಎರಡನೆಯದು ಗೇಟ್‌ವೇ ಮಾಡುವ ಎಡವಟ್ಟು. ಕೆಲವು ಕಡೆ ಲಾಗಿನ್ ಆಗುವ ಮೊದಲೇ ಕೆಲವು ವಿಳಾಸಗಳಿಗೆ ಬಿಟ್ಟಿ ದಾರಿ ಕೊಟ್ಟಿರುತ್ತಾರೆ. ಆ ಪಟ್ಟಿಯಲ್ಲಿ 204 ಪರೀಕ್ಷೆಯ ವಿಳಾಸವೂ ಸೇರಿಕೊಂಡರೆ ಫೋನಿಗೆ ಸರಿಯಾದ 204 ಬಂದುಬಿಡುತ್ತದೆ. "ಓಹ್, ಇಲ್ಲಿ ತಡೆಯೇ ಇಲ್ಲ" ಅಂತ ಫೋನು ನಂಬುತ್ತದೆ, ಸೈನ್ ಇನ್ ಸೂಚನೆ ಹುಟ್ಟುವುದೇ ಇಲ್ಲ. ಮುಂದಿನ ಹೆಜ್ಜೆಯಾಗಿ ಪ್ರೈವೇಟ್ ಡಿಎನ್‌ಎಸ್ ಪರೀಕ್ಷೆ ಮಾಡುತ್ತದೆ, ಅದು ಬೀಳುತ್ತದೆ. ಆಗ ಪರದೆಯ ಮೇಲೆ ಬರುವ ಸಂದೇಶ ಇದು:

```
Private DNS server cannot be accessed
```

ಸೈನ್ ಇನ್ ಸೂಚನೆ ಬಾರದೆ ಈ ಸಂದೇಶ ಮಾತ್ರ ಬಂದರೆ ಇನ್ನೆಷ್ಟು ಕಾದರೂ ಪುಟ ತಾನಾಗಿ ಬರುವುದಿಲ್ಲ. ಕೇಳುವವರು ಯಾರೂ ಉಳಿದಿಲ್ಲ. ಇಲ್ಲಿ ಪ್ರೈವೇಟ್ ಡಿಎನ್‌ಎಸ್ ಅನ್ನು ಆಟೊಮ್ಯಾಟಿಕ್‌ಗೆ ತನ್ನಿ, ಬ್ರೌಸರಿನಲ್ಲಿ `http://neverssl.com` ತೆರೆಯಿರಿ. ಅದು ಎಚ್‌ಟಿಟಿಪಿಎಸ್ ಇಲ್ಲದೆ ಇರುವುದಕ್ಕೆಂದೇ ಮಾಡಿಟ್ಟ ಪುಟ. ಗೇಟ್‌ವೇ ಅದನ್ನು ಹಿಡಿದು ಲಾಗಿನ್ ಕಡೆ ತಿರುಗಿಸುತ್ತದೆ. ಬ್ರೌಸರ್ "ಇದು ಸುರಕ್ಷಿತವಲ್ಲ, ಎಚ್‌ಟಿಟಿಪಿಗೆ ಹೋಗಲೇ" ಅಂತ ಕೇಳಿದರೆ ಈ ಒಂದು ಪುಟಕ್ಕೆ ಹೂಂ ಅನ್ನಬಹುದು. ಮೇಲೆ ಹೇಳಿದ ಸರ್ಟಿಫಿಕೇಟ್ ಎಚ್ಚರಿಕೆ ಬೇರೆ, ಇದು ಬೇರೆ.

ಲ್ಯಾಪ್‌ಟಾಪ್ ಬ್ರೌಸರ್‌ಗಳಲ್ಲಿ ತಮ್ಮದೇ ಸುರಕ್ಷಿತ ಡಿಎನ್‌ಎಸ್ ಇರುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ತೊಂದರೆ ಕೊಡುವುದು ಕಡಿಮೆ. ಕಟ್ಟುನಿಟ್ಟಿನ ಮೋಡ್‌ಗೆ ಹಾಕಿದ್ದರೆ, ಫೈರ್‌ಫಾಕ್ಸಿನಲ್ಲಿ `network.trr.mode` ಅನ್ನು 3 ಮಾಡಿಟ್ಟಿದ್ದರೆ, ಅದೂ ಫೋನಿನ ಹಾಗೇ ಹಟ ಹಿಡಿಯುತ್ತದೆ. `curl` ಗೆ 302 ಬರುತ್ತಿದೆ, ಬ್ರೌಸರಿಗೆ ಮಾತ್ರ ಏನೂ ಬರುತ್ತಿಲ್ಲ ಅಂದರೆ ಅಲ್ಲಿ ನೋಡಿ.

## ದಾರಿ ತಪ್ಪಿಸುವ ಮೊಬೈಲ್ ಡೇಟಾ

ಎಲ್ಲ ಆಫ್ ಮಾಡಿದ್ದೀರಿ, ಬ್ರೌಸರಿನಲ್ಲಿ ಪುಟಗಳು ಚೆನ್ನಾಗಿಯೇ ತೆರೆಯುತ್ತಿವೆ, ಆದರೆ ಲಾಗಿನ್ ಪುಟ ಮಾತ್ರ ಇಲ್ಲ. ಖುಷಿ ಪಡುವ ಮೊದಲು ಮೊಬೈಲ್ ಡೇಟಾ ಆನ್ ಇದೆಯಾ ನೋಡಿ. ಇಂಟರ್‌ನೆಟ್ ಇದೆ ಅಂತ ಖಾತ್ರಿಯಾಗದ ವೈ-ಫೈಯನ್ನು ಫೋನು ಆಪ್‌ಗಳಿಗೆ ಕೊಡುವುದಿಲ್ಲ. ಮೇಲೆ ವೈ-ಫೈ ಚಿಹ್ನೆ ಇದ್ದರೂ ಟ್ರಾಫಿಕ್ ಮೊಬೈಲ್ ಡೇಟಾದಲ್ಲೇ ಓಡುತ್ತಿರುತ್ತದೆ. ನೀವು ಕಳಿಸಿದ `neverssl.com` ಕೋರಿಕೆ ಆ ಗೇಟ್‌ವೇ ಹತ್ತಿರವೂ ಸುಳಿದಿಲ್ಲ. ಅದು ತಿರುಗಿಸುವುದಾದರೂ ಏನನ್ನು?

ವಿಪಿಎನ್ ಇದ್ದಾಗ ಇದು ಇನ್ನೂ ಗೊಂದಲ ಮಾಡುತ್ತದೆ. ಟನಲ್ ಮೊಬೈಲ್ ಡೇಟಾದ ಮೇಲೆ ಸರಾಗವಾಗಿ ಎದ್ದಿರುತ್ತದೆ, ಹ್ಯಾಂಡ್‌ಶೇಕ್ ಕೂಡ ಹೊಸದೇ. "ಈ ವೈ-ಫೈಯಲ್ಲಿ ವಿಪಿಎನ್ ನಡೆಯುತ್ತೆ" ಅಂತ ಅಂದುಕೊಳ್ಳುತ್ತೀರಿ. ಲಾಗಿನ್ ಮುಗಿಯುವ ತನಕ ಮೊಬೈಲ್ ಡೇಟಾ ಆಫ್ ಇರಲಿ. ಈ ಒಂದು ಕೆಲಸವನ್ನು ಮೊದಲೇ ಮಾಡಿಬಿಟ್ಟರೆ ಮುಂದಿನ ಎಲ್ಲ ಪರೀಕ್ಷೆಗಳ ಉತ್ತರ ನಂಬುವ ಹಾಗಿರುತ್ತದೆ.

## ಒಳಗೆ ಬಂದ ಮೇಲೆ ಮತ್ತೆ ಆನ್ ಮಾಡುವಾಗ

ಲಾಗಿನ್ ಆದ ಕ್ಷಣದಿಂದ ವಿಪಿಎನ್ ಏಳುವ ತನಕ ಒಂದು ಸಣ್ಣ ಬಿಡುವು ಇರುತ್ತದೆ. ಲಾಗಿನ್ ಆಗುವ ಮೊದಲು ಹೊರಗೆ ಹೆಚ್ಚೇನೂ ಹೋಗಿರುವುದಿಲ್ಲ, ಗೇಟ್‌ವೇ ಬಿಟ್ಟರೆ ತಾನೆ. ಆಮೇಲಿನ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೇಲ್, ಮೆಸೇಜ್, ಬ್ಯಾಕಪ್ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಅವುಗಳಲ್ಲಿ ಹೆಚ್ಚಿನವು ಟಿಎಲ್‌ಎಸ್ ಒಳಗೇ ಇರುತ್ತವೆ, ಆದರೆ ಯಾವ ಯಾವ ಸರ್ವರ್ ಮಾತಾಡಿಸಿದಿರಿ ಅನ್ನುವುದು ಕಾಣುತ್ತದೆ. ಅದು ಬೇಡ ಅನ್ನುವವರು ಲ್ಯಾಪ್‌ಟಾಪಿನಲ್ಲಿ ಮೊದಲು ಎಲ್ಲ ಆಪ್ ಮುಚ್ಚಿ, ಒಂದೇ ಒಂದು ಪ್ರೈವೇಟ್ ಕಿಟಕಿಯಲ್ಲಿ ಲಾಗಿನ್ ಮಾಡಿ, ಮುಗಿದ ಕೂಡಲೇ ಟನಲ್ ಎಬ್ಬಿಸಲಿ. ನಾನು ಮಾಡುವುದು ಹಾಗೆ.

ಲಾಗಿನ್ ಆದ ಮೇಲೂ ಪ್ರೈವೇಟ್ ಡಿಎನ್‌ಎಸ್ ಅಥವಾ ವಿಪಿಎನ್ ಏಳದಿದ್ದರೆ? ಲಾಗಿನ್ ಆದವರಿಗೂ ಎಲ್ಲ ಪೋರ್ಟ್ ಬಿಡದ ನೆಟ್‌ವರ್ಕ್‌ಗಳಿವೆ. ಬ್ರೌಸರ್ ನಡೆಯುವಷ್ಟು 80, 443 ಬಿಟ್ಟು ಉಳಿದದ್ದನ್ನು ಮುಚ್ಚಿಬಿಡುತ್ತಾರೆ. ಎರಡು ಸಾಲಿನಲ್ಲಿ ಗೊತ್ತಾಗುತ್ತದೆ:

```
nc -vz -w 5 1.1.1.1 443
nc -vz -w 5 1.1.1.1 853
```

ಮೊದಲನೆಯದು ಗೆದ್ದು ಎರಡನೆಯದು 5 ಸೆಕೆಂಡ್ ಕಾದು ಸೋತರೆ 853 ಮುಚ್ಚಿದೆ. ನಿಮ್ಮ ಸೆಟ್ಟಿಂಗ್ ಸರಿಯಾಗಿಯೇ ಇದೆ, ತಿದ್ದಲು ಏನೂ ಇಲ್ಲ. ಅಲ್ಲಿರುವಷ್ಟು ಹೊತ್ತು ಪ್ರೈವೇಟ್ ಡಿಎನ್‌ಎಸ್ ಆಟೊಮ್ಯಾಟಿಕ್‌ನಲ್ಲಿ ಇರಲಿ, ಬ್ರೌಸರಿನ ಸುರಕ್ಷಿತ ಡಿಎನ್‌ಎಸ್ ಆನ್ ಮಾಡಿಕೊಳ್ಳಿ. ಅದು 443ರಲ್ಲೇ ಓಡುವುದರಿಂದ ಸಾಮಾನ್ಯವಾಗಿ ನುಸುಳಿಕೊಂಡು ಹೋಗುತ್ತದೆ. ವೈರ್‌ಗಾರ್ಡ್ ಯುಡಿಪಿ ಮೇಲೆ ಓಡುತ್ತದೆ, ಹಾಗಾಗಿ `nc` ಯಿಂದ ಅದನ್ನು ಹೀಗೆ ಅಳೆಯಲು ಬರುವುದಿಲ್ಲ. ಅದಕ್ಕೆ `wg show` ಒಂದೇ ಸಾಕ್ಷಿ. ಲಾಗಿನ್ ಆದ ಮೇಲೂ ಬಂದದ್ದು ಸೊನ್ನೆಯೇ ಇದ್ದರೆ, 443ನೇ ಟಿಸಿಪಿ ಪೋರ್ಟಿನಲ್ಲಿ ಓಡುವ ಬೇರೆ ಬಗೆಯ ವಿಪಿಎನ್ ನಿಮ್ಮ ಬಳಿ ಇದ್ದರೆ ಮಾತ್ರ ದಾರಿ.

ಇನ್ನೊಂದು ಉಪದ್ರವ: ಬೆಳಿಗ್ಗೆ ಲಾಗಿನ್ ಆಗಿದ್ದೀರಿ, ವಿಪಿಎನ್ ಆನ್ ಇದೆ, ಮಧ್ಯಾಹ್ನ ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ನೆಟ್‌ವರ್ಕ್ ನಿಮಗೆ ಕೊಟ್ಟಿದ್ದ ಅವಧಿ ಮುಗಿದಿರುತ್ತದೆ, ಅಥವಾ ನೆಟ್‌ವರ್ಕನ್ನು ಮರೆತು ಮತ್ತೆ ಸೇರಿದಾಗ ಸಾಧನದ ಮ್ಯಾಕ್ ವಿಳಾಸ ಬದಲಾಗಿರಬಹುದು. ಗೇಟ್‌ವೇ ಕಣ್ಣಿಗೆ ನೀವು ಮತ್ತೆ ಅಪರಿಚಿತರು. ಟನಲ್ ಎದ್ದೇ ಇರುವುದರಿಂದ ಹೊಸ ಲಾಗಿನ್ ಪುಟ ಕಾಣುವುದಿಲ್ಲ, ನೋಡಿದವರಿಗೆ ವಿಪಿಎನ್ ಸರ್ವರೇ ಬಿದ್ದಿದೆ ಅನ್ನಿಸುತ್ತದೆ. ನಾನು ಒಮ್ಮೆ ಅರ್ಧ ಗಂಟೆ ದೂರದ ಸರ್ವರಿನ ಲಾಗ್ ಓದುತ್ತಾ ಕೂತಿದ್ದೆ. ಟನಲ್ ಇಳಿಸಿ ಒಂದು `curl` ಹೊಡೆದಿದ್ದರೆ 302 ಕಣ್ಣಿಗೆ ಬೀಳುತ್ತಿತ್ತು.